ಲತಾಮಣಿಯ ಲಾಕರು

ಮದುವೆಯ ತಿಂಗಳು ಬಂತೆಂದರೆ ಲತಾಮಣಿಯ ಅರ್ಧ ದಿನದ ರಜೆಗಳೆಲ್ಲ ಬ್ಯಾಂಕಿಗೆ ಹೋಗುತ್ತಿದ್ದವು. ಅವಳದೇ ಆದ ಒಡವೆ ಎಂದರೆ ನಾಲ್ಕು ಬಳೆ, ಒಂದು ಜೊತೆ ಓಲೆ, ತವರಿನ ಒಂದು ಉಂಗುರ. ಲಾಕರಿನಲ್ಲಿ ಉಳಿದದ್ದೆಲ್ಲ ಗಂಡನ ಮನೆಯ ಬೇರೆ ಹೆಂಗಸರದು. ಜಯನಗರದ ಆ ಶಾಖೆಯಲ್ಲಿ ಲಾಕರಿಗೆ ಹೆಸರು ಬರೆಸಿ ಅವಳು ಮೂರು ವರ್ಷ ಕಾದಿದ್ದಳು. ಸಿಕ್ಕ ದಿನದಿಂದ ಹೊಸಕೆರೆಹಳ್ಳಿಯ ಮನೆಯವರಿಗೆಲ್ಲ ಅದು ಓಣಿಯ ಕೊನೆಯ ನಲ್ಲಿಯಂತಾಯಿತು. ಯಾರು ಬೇಕಾದರೂ ಬಿಂದಿಗೆ ತರಬಹುದು, ತಿರುಗಿಸುವುದಕ್ಕೆ ಮಾತ್ರ ಲತಾಮಣಿ ಬೇಕು.

ಅವಳು ಒಂದು ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್. ಲಾಕರು ಅವಳ ಮತ್ತು ಗಂಡ ದೇವರಾಜನ ಹೆಸರಿನಲ್ಲಿತ್ತು. ಇಬ್ಬರಲ್ಲಿ ಒಬ್ಬರು ಹೋಗಿ ಸಹಿ ಮಾಡಿದರಷ್ಟೇ ತೆರೆಯುತ್ತಿತ್ತು. ದೇವರಾಜ ಗಾರ್ಮೆಂಟ್ಸ್ ಫ್ಯಾಕ್ಟರಿಯ ಸೂಪರ್‌ವೈಸರ್, ಹಗಲು ಅವನು ಸಿಗುವವನಲ್ಲ. ಹಾಗಾಗಿ ಪ್ರತಿ ಸಲವೂ ಇವಳೇ. ರಿಜಿಸ್ಟರಿನಲ್ಲಿ ಸಹಿ, ಪಕ್ಕದಲ್ಲಿ ಬಂದ ಹೊತ್ತು. ಅಧಿಕಾರಿ ಕಾತ್ಯಾಯಿನಿ ಬ್ಯಾಂಕಿನ ಕೀಲಿ ಹಾಕಿ ತಿರುಗಿಸಿ ಹೊರಗೆ ಹೋಗುವರು. ಆಮೇಲೆ ಇವಳ ಕೀಲಿ. ಒಳಗೆ ಏನಿದೆ ಎಂದು ಬ್ಯಾಂಕು ಕೇಳುವುದೂ ಇಲ್ಲ, ಬರೆದುಕೊಳ್ಳುವುದೂ ಇಲ್ಲ.

"ಅದಕ್ಕೇ ನೀವು ಬರ್ಕೊಳ್ಳಿ ಮೇಡಂ," ಎಂದು ಕಾತ್ಯಾಯಿನಿ ಮೊದಲ ವರ್ಷವೇ ಹೇಳಿದ್ದರು. "ಕಾಗದದ ಲೆಕ್ಕಕ್ಕೆ ಇದರೊಳಗಿರೋದೆಲ್ಲ ನಿಮ್ಮದೇ. ನಾಳೆ ಯಾರಾದ್ರೂ ನಂದು ಎಲ್ಲಿ ಅಂದ್ರೆ ಏನ್ ತೋರಿಸ್ತೀರಿ?"

ಲತಾಮಣಿ ಉದ್ದನೆಯ ಪುಸ್ತಕವೊಂದನ್ನು ತಂದಳು. ಒಂದೊಂದು ಒಡವೆಗೂ ಒಂದೊಂದು ಪುಟ. ಯಾರದು, ಎಷ್ಟು ತೂಕ, ಕೊಂಡಿ ಎಂಥದು, ಎಲ್ಲಿ ಬೆಸುಗೆ, ಯಾವ ಕಲ್ಲು ಅಲ್ಲಾಡುತ್ತದೆ. ಅಂಗಡಿಯ ಚೀಟಿ ಇದ್ದರೆ ಅಂಟಿಸಿದಳು, ಫೋಟೋ ಇದ್ದರೆ ಅದನ್ನೂ. ಒಳಗೆ ಹೋದ ತಾರೀಖು, ಹೊರಗೆ ಬಂದ ತಾರೀಖು, ಒಯ್ದವರ ಸಹಿ. ಆ ಸಹಿಯ ಕಾಲಂ ಅವಳಿಗೆ ತಂದ ತಲೆನೋವು ಲಾಕರಿನ ಬಾಡಿಗೆಯೂ ತಂದಿರಲಿಲ್ಲ. ದೇವರಾಜನ ಅಕ್ಕ ಮುನಿಯಕ್ಕ ಇಟ್ಟಮಡುವಿನಿಂದ ಬಂದು ಡಬ್ಬಿ ಎತ್ತಿಕೊಂಡವಳು ಪುಸ್ತಕ ನೋಡಿದರೆ ಮುಖ ಸಿಂಡರಿಸುತ್ತಿದ್ದಳು. ತಾನು ಹುಟ್ಟಿದ ಮನೆಯಿಂದ ತನ್ನ ಸರ ತಗೊಳ್ಳೋಕೆ ರಸೀದಿ ಬೇರೆಯೇ ಎಂದು ಅತ್ತೆಯ ಎದುರಿಗೇ ಕೇಳುತ್ತಿದ್ದಳು. ಅತ್ತೆ ಯಲ್ಲಮ್ಮ ಮಗಳ ಕಡೆ. ಅವರ ತಕರಾರು ಇನ್ನೊಂದು. ಚಿನ್ನದ ಪಟ್ಟಿ ಮನೆಯಲ್ಲಿ ಇದ್ದರೆ ಬಂದು ಹೋಗುವವರ ಕಣ್ಣು ಬೀಳುತ್ತದೆ. ಒಡವೆ ಅಡಗಿಸಿಟ್ಟು ಅದರ ಹೆಸರನ್ನು ಹೊರಗೆ ಹರಡಿದ ಹಾಗೆ. ಪುಸ್ತಕವನ್ನೂ ಲಾಕರಿಗೇ ಹಾಕು ಎಂದರು. ದಿನವೂ ಅದನ್ನೇ ಹೇಳಿದರು. ಒಂದು ನಕಲು ಹೊರಗಿರಲಿ ಎಂದು ಕಾತ್ಯಾಯಿನಿ ಹೇಳಿದ್ದು ನೆನಪಿದ್ದರೂ, ಮಾತು ಕೇಳಿ ಕೇಳಿ ಸಾಕಾಗಿ, ಲತಾಮಣಿ ಪುಸ್ತಕವನ್ನು ಒಡವೆಗಳ ಮೇಲಿಟ್ಟು ಬೀಗ ಹಾಕಿದಳು.

ಅದೇ ಯಲ್ಲಮ್ಮ ತೊಂಬತ್ತೈದರಲ್ಲಿ ತಮ್ಮ ಕೊರಳಿನ ಹಳೆಯ ಅಡ್ಡಿಕೆ ಕರಗಿಸಿ ಎರಡು ಎರಡೆಳೆ ಸರ ಮಾಡಿಸಿದ್ದರು. ಒಂದು ಮಗಳು ಮುನಿಯಕ್ಕನಿಗೆ, ಇನ್ನೊಂದು ಕಿರಿಯ ಸೊಸೆ ಉಮಾಶ್ರೀಗೆ. ಮಗಳು ಸೊಸೆ ಎಂಬ ಭೇದ ಬೇಡ, ಒಂದೇ ಅಚ್ಚು, ಒಂದೇ ಕೊಂಡಿ, ನೋಡಿದವರಿಗೆ ಯಾವುದು ಯಾರದೆಂದು ತಿಳಿಯಬಾರದು ಎಂದು ಅಂಗಡಿಯವನಿಗೆ ಹೇಳಿ ಮಾಡಿಸಿದ್ದರು. ತಿಳಿಯುತ್ತಿರಲಿಲ್ಲ. ಮುನಿಯಕ್ಕನಿಗೆ ಬೇರೆ ಒಡವೆಗಳಿದ್ದವು. ಉಮಾಶ್ರೀಗೆ ತವರಿನಿಂದ ಏನೂ ಬಂದಿರಲಿಲ್ಲ, ಚಿನ್ನವೆಂದು ಅವಳ ಹೆಸರಿನಲ್ಲಿ ಇದ್ದದ್ದು ಆ ಸರವೊಂದೇ. ಲತಾಮಣಿ ಮುನಿಯಕ್ಕನದರ ಕೊಂಡಿಗೆ ಕೆಂಪು ದಾರ, ಉಮಾಶ್ರೀಯದಕ್ಕೆ ಹಸಿರು ದಾರ ಕಟ್ಟಿದಳು.

ತೊಂಬತ್ತೆಂಟರಲ್ಲಿ ಮುನಿಯಕ್ಕನ ಮಗಳು ಭಾಗ್ಯಜ್ಯೋತಿಯ ಮದುವೆ ಬಂತು. ಬನಶಂಕರಿ ಎರಡನೇ ಹಂತದ ಛತ್ರ. ಶನಿವಾರ ಸಂಜೆ ಆರತಕ್ಷತೆ, ಭಾನುವಾರ ಧಾರೆ. ಶುಕ್ರವಾರ ಲತಾಮಣಿ ರಜೆ ಹಾಕಿ ಎರಡೂ ಸರ ತೆಗೆದಳು. ಪುಸ್ತಕದಲ್ಲಿ ತಾರೀಖು ಬರೆದು ಅಲ್ಲೇ ಇಟ್ಟಳು. ಹೊರಡುವಾಗ ನೆಲ ನೋಡಿದಳು, ಲಾಕರಿನ ಬಾಗಿಲು ಎಳೆದು ನೋಡಿದಳು, ಡಬ್ಬಿಗಳನ್ನು ಊಟದ ಬುತ್ತಿಯ ಚೀಲದ ತಳಕ್ಕಿಟ್ಟು ಬಸ್ಸು ಬಿಟ್ಟು ಆಟೋ ಹಿಡಿದಳು.

ಛತ್ರದಲ್ಲಿ ಅವಳ ಕಟ್ಟಳೆಗಳು ಎಲ್ಲರಿಗೂ ಬಾಯಿಪಾಠವಾಗಿದ್ದವು, ಯಾರೂ ನಡೆಸುವವರಿರಲಿಲ್ಲ. ಸರಕ್ಕೆ ಒಳಗಿನಿಂದ ರವಿಕೆಗೆ ಪಿನ್ನು ಹಾಕಿ. ಹೆಣ್ಣಿನ ರೂಮಿಗೆ ಬೀಗ ಇರಲಿ, ಒಬ್ಬರು ಅಲ್ಲೇ ಕೂತಿರಲಿ. ಬಿಚ್ಚಿದ್ದನ್ನು ಎಲ್ಲೂ ಇಡಬೇಡಿ, ನನ್ನ ಕೈಗೇ ಕೊಡಿ. ಆರತಕ್ಷತೆಗೆ ಹುಡುಗಿಯ ಕೊರಳು ಬೋಳಾಗಿ ಕಾಣುತ್ತದೆಂದು ಮುನಿಯಕ್ಕ ಉಮಾಶ್ರೀಯ ಸರವನ್ನೂ ಕೇಳಿ ಪಡೆದು ಎರಡನ್ನೂ ಮಗಳಿಗೆ ಹಾಕಿದಳು. ಫೋಟೋದಲ್ಲಿ ದಾರ ಅಸಹ್ಯ ಎಂದು ಕೆಂಪನ್ನೂ ಹಸಿರನ್ನೂ ಕತ್ತರಿಸಿ ಬಿಸಾಡಿದಳು. ಲತಾಮಣಿ ನೋಡುವ ಹೊತ್ತಿಗೆ ಕತ್ತರಿ ಆಗಲೇ ಕೆಳಗಿಳಿದಿತ್ತು.

ಭಾನುವಾರ ಬೆಳಿಗ್ಗೆ ರೂಮಿನಲ್ಲಿ ಅವಳೇ ಕೂತಿದ್ದಳು. ಗಂಡಿನವರು ಬಂದರು, ಆರತಿಗೆ ಸೊಸೆಯರು ಬೇಕು ಎಂದು ಮುನಿಯಕ್ಕ ಎಬ್ಬಿಸಿದಳು. ಲತಾಮಣಿ ರೂಮಿನ ಕೀಲಿಯನ್ನು ಅವಳ ಕೈಗೆ ಕೊಟ್ಟು ಹೋದಳು. ಧಾರೆಯ ಹಾರಕ್ಕೆ ಸಿಕ್ಕಿಕೊಳ್ಳುತ್ತದೆಂದು ಮುನಿಯಕ್ಕ ಮಗಳ ಕೊರಳಿನಿಂದ ಒಂದು ಸರ ಬಿಚ್ಚಿ, ಕರವಸ್ತ್ರದಲ್ಲಿ ಸುತ್ತಿ, ದಿಂಬಿನ ಕೆಳಗಿಟ್ಟಳು. ಕೀಲಿಯನ್ನು ಹೂವು ಜೋಡಿಸುವವರಿಗೆ ಕೊಟ್ಟಳು. ಅವರು ಮತ್ತಾರಿಗೋ ಕೊಟ್ಟರು. ಸೀರೆ ಬದಲಿಸುವವರು, ಮಗುವಿಗೆ ಹಾಲು ಕುಡಿಸುವವರು, ಸುಮ್ಮನೆ ಕನ್ನಡಿ ನೋಡುವವರು ಬಂದು ಹೋದರು. ಊಟದ ಹೊತ್ತಿಗೆ ದಿಂಬಿತ್ತು, ಸರ ಹೋಗಲಿ, ಕರವಸ್ತ್ರವೂ ಇರಲಿಲ್ಲ.

ಹಾಸಿಗೆ ಕೊಡವಿದರು, ಹೂವಿನ ಬುಟ್ಟಿ ಸುರಿದರು. ಸಂಜೆ ಭಾಗ್ಯಜ್ಯೋತಿ ಉಳಿದೊಂದು ಸರ ಹಾಕಿಕೊಂಡು ಹುಳಿಮಾವಿನ ಗಂಡನ ಮನೆಗೆ ಹೊರಟಳು. ಕಾರು ತಿರುಗುತ್ತಲೇ ಮುನಿಯಕ್ಕ, ಹೋದದ್ದು ಉಮಾಶ್ರೀಯದು ಎಂದಳು. ತನ್ನ ಮಗಳ ಕೊರಳಲ್ಲಿ ಉಳಿದದ್ದು ತನ್ನದಲ್ಲದೆ ಇನ್ನಾರದು? ಉಮಾಶ್ರೀ ಛತ್ರದ ಮೆಟ್ಟಿಲಿಳಿದು ಲತಾಮಣಿಯ ಪಕ್ಕ ಬಂದು ನಿಂತಳು.

"ಅಕ್ಕ, ನಿಮ್ಮ ಕೈಗೆ ಕೊಟ್ಟಿದ್ದೆ ನಾನು," ಎಂದಳು. ಅಷ್ಟೇ.

ಲತಾಮಣಿಗೆ ಆ ಮಾತು ಬೈಗುಳಕ್ಕಿಂತ ಭಾರವಾಯಿತು. ಸರಗಳ ತೂಕ ಬೇರೆ ಬೇರೆ ಇದೆ, ಪುಸ್ತಕದಲ್ಲಿದೆ ಎಂದಳು.

"ಪುಸ್ತಕ ಪುಸ್ತಕ ಅಂತ ಪ್ರಾಣ ತಿಂದ್ಯಲ್ಲ," ಎಂದಳು ಮುನಿಯಕ್ಕ. "ಎಲ್ಲಿ ತೋರ್ಸು ನೋಡಣ."

ಭಾನುವಾರ ಬ್ಯಾಂಕಿಲ್ಲ. ಸೋಮವಾರ ಸರ್ಕಾರಿ ರಜೆ. ದೇವರಾಜನೊಂದಿಗೆ ಠಾಣೆಗೆ ಹೋದರೆ, ತೂಕ ಎಷ್ಟು, ಗುರುತೇನು, ಬಿಲ್ಲಿದೆಯೇ ಎಂದು ಕೇಳಿದರು. ಎಲ್ಲವೂ ಬೀಗದ ಒಳಗಿತ್ತು. ಯಾರ ಒಡವೆ ಎಂದರೆ ಅದೂ ಗೊತ್ತಿಲ್ಲ. ಯಾರದು ಅಂತಲೇ ತಿಳಿಯದೆ ಏನು ಬರೆದುಕೊಳ್ಳಲಿ, ವಿವರ ತನ್ನಿ ಮೇಡಂ ಎಂದು ದಫೇದಾರರು ಕಳಿಸಿದರು. ಅವರದು ತಪ್ಪೆನ್ನುವ ಹಾಗಿರಲಿಲ್ಲ.

ಸೋಮವಾರವಿಡೀ ಮಾತು ಬೆಳೆಯಿತು. ಮಧ್ಯಾಹ್ನದ ಹೊತ್ತಿಗೆ, ಬ್ಯಾಂಕಿನಲ್ಲೇ ಲತಾ ಏನೋ ಗೋಜಲು ಮಾಡಿರಬೇಕು ಎಂದಾಯಿತು. ಸಂಜೆಗೆ, ಮೂರು ವರ್ಷದಿಂದ ಲಾಕರಿನ ಕೀಲಿ ಅವಳ ಹತ್ತಿರವೇ ಇತ್ತಲ್ಲ ಎಂದಾಯಿತು. ಯಲ್ಲಮ್ಮ ಉಳಿದ ಸರವನ್ನು ಕರಗಿಸಿ ಅರ್ಧರ್ಧ ಹಂಚಿಬಿಡಿ ಎಂದರು. ಆ ಮನೆಯಲ್ಲಿ ಯಾವುದೇ ಜಗಳಕ್ಕೂ ಕರಗಿಸುವುದೊಂದೇ ಮದ್ದು ಎಂದು ಲತಾಮಣಿಗೆ ಅನ್ನಿಸಿತು. ಅವಳು ಒಲೆಯ ಮೇಲಿದ್ದ ಸಾರನ್ನು ಇಳಿಸಿ, ಬೇಡ ಅತ್ತೆ, ನಾಳೆ ತೂಗೋಣ ಎಂದಷ್ಟೇ ಹೇಳಿದಳು. ತೂಗಬೇಕಾದರೆ ಮದುವಣಗಿತ್ತಿಯ ಕೊರಳಿನಿಂದ ಬಿಚ್ಚಿಸಬೇಕು, ಬೀಗರ ಮುಂದೆ ಮಾನ ಉಳಿಯುತ್ತದೆಯೇ ಎಂದು ಮುನಿಯಕ್ಕ ಕೇಳಿದಳು. ಆ ಭಯ ಮಾತ್ರ ನಿಜವಾಗಿತ್ತು.

ಮಂಗಳವಾರ ಬ್ಯಾಂಕು ತೆರೆಯುವಾಗ ಲತಾಮಣಿ ಮೆಟ್ಟಿಲ ಮೇಲಿದ್ದಳು. ಪುಸ್ತಕ ಈಚೆ ತೆಗೆದು ರೂಮಿನೊಳಗೇ ನಿಂತು ಪುಟ ತಿರುವಿದಳು. ಮುನಿಯಕ್ಕ, ಮೂವತ್ತೊಂದು ಗ್ರಾಂ ಎಂಟುನೂರ ಅರವತ್ತು ಮಿಲಿ. ಉಮಾಶ್ರೀ, ಮೂವತ್ತೆರಡು ಗ್ರಾಂ ನೂರ ನಲವತ್ತು ಮಿಲಿ. ಅಂಗಡಿಯ ಎರಡೂ ಚೀಟಿಗಳು ಅಂಟಿದಂತೆಯೇ ಇದ್ದವು. ಹೊರಬಂದ ಅವಳ ಮುಖ ನೋಡಿ ಕಾತ್ಯಾಯಿನಿ ಏನಾಯಿತೆಂದು ಕೇಳಿದರು. ನಕಲು ಹೊರಗಿಟ್ಟಿರಲಿಲ್ಲ ಎಂದಳು. ಅಂದೇ ಹೇಳಿದ್ದೆನಲ್ಲ ಎನ್ನದೆ ಕಾತ್ಯಾಯಿನಿ ಅವಳಿಗೆ ಬಾಗಿಲು ಹಿಡಿದರು, ಅದಕ್ಕಾಗಿ ಅವಳಿಗೆ ಅವರ ಮೇಲೆ ಪ್ರೀತಿ ಹುಟ್ಟಿತು.

ಅದೇ ದಿನ ಭಾಗ್ಯಜ್ಯೋತಿ ತವರಿಗೆ ಬರುವುದಿತ್ತು. ಉಳಿದ ಸರ ಯಾರದೆಂಬ ಜಗಳ ಬಂದವಳಿಗೆ ತಿಳಿದಾಗ ಎಲ್ಲರೂ ಹೆದರಿದಂತೆ ಏನೂ ಆಗಲಿಲ್ಲ. ಗಂಡನನ್ನು ಹಜಾರದಲ್ಲಿ ಕೂರಿಸಿ ಒಳಗೆ ಬಂದು ತಾನೇ ಕೊಂಡಿ ಬಿಚ್ಚಿದಳು.

"ಅತ್ತೆ, ನಾನೂ ಬರ್ತೀನಿ," ಎಂದಳು ಲತಾಮಣಿಗೆ. "ಬೇರೆಯವ್ರ ಸರ ಹಾಕ್ಕೊಂಡು ನಂಗೆ ಊಟ ಸೇರಲ್ಲ."

ಸರ ಮಾಡಿದ ಜಯನಗರದ ಅಂಗಡಿಗೇ ಹೋದರು: ಮುನಿಯಕ್ಕ, ಉಮಾಶ್ರೀ, ಭಾಗ್ಯಜ್ಯೋತಿ, ಲತಾಮಣಿ. ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯ ಕೆಂಪು ಅಂಕಿಗಳು ಏರಿ, ಇಳಿದು, ನಿಂತವು. ಮೂವತ್ತೆರಡು ಗ್ರಾಂ ನೂರ ಇಪ್ಪತ್ತು ಮಿಲಿ.

ಇಪ್ಪತ್ತು ಮಿಲಿ ಕಡಿಮೆ ಇದೆಯಲ್ಲ ಎಂದು ಮುನಿಯಕ್ಕ ತಕ್ಷಣ ಹಿಡಿದಳು. ಅಂಗಡಿಯವನು ಲತಾಮಣಿಯ ಪುಸ್ತಕದ ಎರಡು ಚೀಟಿಗಳನ್ನೂ ನೋಡಿದ. ಹಾಕಿಕೊಂಡು ತಿರುಗಿದ್ದು ಸ್ವಲ್ಪ ಸವೆಯುತ್ತದೆ, ಹಗುರದ್ದು ಮಾತ್ರ ಬೆಸುಗೆ ಹಾಕಿಸದೆ ಕಾಲು ಗ್ರಾಂ ಬೆಳೆಯುವುದಿಲ್ಲ, ಇದು ಉಮಾಶ್ರೀಯದೇ ಎಂದ. ಕೊಂಡಿಯ ಬಳಿ ಹೊಸ ಬೆಸುಗೆ ಇಲ್ಲವೆಂದು ಮಸೂರ ಹಿಡಿದು ತೋರಿಸಿದ. ಉಮಾಶ್ರೀ ಸರವನ್ನು ಎತ್ತಿಕೊಳ್ಳಲಿಲ್ಲ. ಭಾಗ್ಯಜ್ಯೋತಿಯೇ ಎತ್ತಿ ಅವಳ ಅಂಗೈಯಲ್ಲಿಟ್ಟು ಬೆರಳು ಮಡಚಿದಳು.

ಅಂಗಡಿಯಿಂದ ನೇರ ಠಾಣೆಗೆ ಹೋದರು. ಲತಾಮಣಿ ಪುಸ್ತಕ ನೋಡಿ ಓದಿದಳು, ದಫೇದಾರರು ಬರೆದುಕೊಂಡರು. ಎರಡೆಳೆ ಸರ, ಇಷ್ಟು ತೂಕ, ಇಂಥ ಕೊಂಡಿ, ಅಂಗಡಿಯ ಗುರುತು. ಗಿರವಿ ಅಂಗಡಿಗಳಿಗೆ ತಿಳಿಸುತ್ತೇವೆ, ಸಿಗುತ್ತದೆಂದು ಮಾತು ಕೊಡಲಾರೆವು ಎಂದರು. ಆಮೇಲೆ ಮುನಿಯಕ್ಕನ ಕಡೆ ತಿರುಗಿ, ಯಾರ ಮೇಲಾದರೂ ಅನುಮಾನ ಇದೆಯೇ, ಒಡವೆ ಕೊನೆಗೆ ಯಾರ ಕೈಯಲ್ಲಿತ್ತು ಎಂದು ಕೇಳಿದರು.

ಎರಡು ದಿನ ಈ ಪ್ರಶ್ನೆಗೆ ಮುನಿಯಕ್ಕನ ಬಳಿ ಸಿದ್ಧ ಉತ್ತರವಿತ್ತು. ಲತಾಮಣಿ ಪುಸ್ತಕ ಮುಚ್ಚಿ ಗೋಡೆಯ ಕ್ಯಾಲೆಂಡರನ್ನು ನೋಡುತ್ತ ಕಾದಳು. ಮುನಿಯಕ್ಕ ಸೆರಗನ್ನು ಭುಜದ ತುಂಬ ಎಳೆದುಕೊಂಡಳು.

"ಯಾರ್ ಮೇಲೂ ಇಲ್ಲ ಸಾರ್," ಎಂದಳು. "ಲತಾ ಸರ್ಯಾಗೇ ಕೊಟ್ಟಿದ್ಲು. ದಿಂಬಿನ ಕೆಳಗೆ ನಾನೇ ಇಟ್ಟೆ. ಕೀಲಿ ನಾನೇ ಕೊಟ್ಟೆ."

ದಫೇದಾರರು ಅದನ್ನೂ ಬರೆದು, ಕಾಗದ ತಿರುಗಿಸಿ, ಸಹಿ ಮಾಡುವ ಜಾಗ ತೋರಿಸಿದರು. ಮುನಿಯಕ್ಕ ಪೆನ್ನು ಹಿಡಿದು ಬಹಳ ಹೊತ್ತು ನಿಧಾನವಾಗಿ ತನ್ನ ಹೆಸರು ಬರೆದಳು. ಲತಾಮಣಿಗೆ ಗೆದ್ದೆನೆಂದು ಅನ್ನಿಸಲಿಲ್ಲ. ಒಂದು ಸರ ಹೋಗಿತ್ತು, ಎರಡು ದಿನ ಹೋಗಿತ್ತು, ಈ ನಾಲ್ಕು ಮಾತನ್ನು ಭಾನುವಾರವೇ ಹೇಳಬಹುದಿತ್ತು.