ಇಸ್ತ್ರಿ ಅಕ್ಕನ ಬೆರಳಚ್ಚು

ಹೋಟೆಲಿನ ಲಾಂಡ್ರಿಯಲ್ಲಿ ಅವಳಿಗೆ ಇಸ್ತ್ರಿ ಅಕ್ಕ ಎಂಬ ಹೆಸರೇ ಗಟ್ಟಿಯಾಗಿತ್ತು. ಹೊಟ್ಟೆಪಾಡಿಗಾಗಿ ಎರಡು ಪರದೇಶಗಳನ್ನು ಕಂಡು ಬಂದವಳು. ಕಂಡದ್ದೇನು ಮಣ್ಣು, ಎಲ್ಲಿ ಹೋದರೂ ಅದೇ ಉಗಿ, ಅದೇ ಬ್ಲೀಚಿನ ಘಾಟು, ಯಾರೋ ಮಲಗಿ ಎದ್ದ ಅದೇ ಬಿಳಿ ಬೆಡ್‌ಶೀಟು. ಮದುವೆಯ ಮಾತು ಎತ್ತುವವರು ಯಾರೂ ಇರಲಿಲ್ಲ. ಅವಳೂ ಎತ್ತಲಿಲ್ಲ.

ಇದ್ದವಳು ಒಬ್ಬ ತಂಗಿ, ಅವಳೂ ಇನ್ನೊಂದು ದೇಶದಲ್ಲಿ. ಗಂಡ ತೀರಿಕೊಂಡ ಮೇಲೆ ಫೋನಿನಲ್ಲಿ ಒಂದೇ ಮಾತು: “ಅಕ್ಕಾ, ನೀನು ಅಲ್ಲೊಬ್ಳು, ನಾನು ಇಲ್ಲೊಬ್ಳು. ಯಾವ ಸುಖಕ್ಕೆ ಹೇಳು? ಬಂದ್ಬಿಡು.” ತಂಗಿಯೇ ಮುಂದೆ ನಿಂತು ವೀಸಾಕ್ಕೆ ಅರ್ಜಿ ಹಾಕಿಸಿದಳು. ವೀಸಾ ಕಚೇರಿಯವರು, ವರ್ಷಕ್ಕಿಂತ ಹೆಚ್ಚು ಕಾಲ ಇದ್ದ ಒಂದೊಂದು ದೇಶದಿಂದಲೂ ನಿಮ್ಮ ಮೇಲೆ ಕೇಸಿಲ್ಲ ಎಂದು ಪೊಲೀಸರ ಸರ್ಟಿಫಿಕೇಟು ತನ್ನಿ ಎಂದರು.

ಇಲ್ಲಿಯದು ಬೇಗ ಆಯಿತು. ವಿಚಾರಣೆಗೆ ಬಂದ ಪೇದೆ ಎದುರುಮನೆಯಾಕೆಯನ್ನು ಕೇಳಿದ. “ಆ ಮನೇಲಿ ಜನ ಇದಾರಾ? ನಾವು ನೋಡಿರೋದು ಬೀಗಾನೇ” ಎಂದಳು ಆಕೆ. ಪೇದೆ ನಕ್ಕು, ಯಾರ ತಕರಾರೂ ಇಲ್ಲ ಎಂದು ಬರೆದುಕೊಂಡ. ಬಾಗಿಲ ಹಿಂದೆ ನಿಂತಿದ್ದ ಇಸ್ತ್ರಿ ಅಕ್ಕನಿಗೆ ನಗು ಬರಲಿಲ್ಲ. ಇಷ್ಟು ವರ್ಷ ಅದೇ ಮೆಟ್ಟಿಲು ಹತ್ತಿ ಇಳಿದವಳು ಅವಳು.

ಮೊದಲ ಪರದೇಶದ್ದು ಅವರ ರಾಯಭಾರ ಕಚೇರಿಯಿಂದಲೇ ಸಿಕ್ಕಿತು. ಎರಡನೆಯದು ಮಾತ್ರ ಕೈಕೊಟ್ಟಿತು. ಇಲ್ಲಿನ ಠಾಣೆಯಲ್ಲಿ ಹತ್ತು ಬೆರಳಿನ ಅಚ್ಚು ತೆಗೆಸಿ, ಸಹಿ ಮೊಹರು ಹಾಕಿಸಿ, ಪಾಸ್‌ಪೋರ್ಟಿನ ನಕಲಿನ ಜೊತೆ ಅಂಚೆಯಲ್ಲಿ ಕಳಿಸಬೇಕಿತ್ತು. ಕಳಿಸಿದಳು. ‘ಗೆರೆಗಳು ಸ್ಪಷ್ಟವಿಲ್ಲ, ಮತ್ತೆ ತೆಗೆಸಿ’ ಎಂದು ಹಾಗೇ ವಾಪಸು ಬಂತು. ಬಿಸಿಯೂ ಬ್ಲೀಚೂ ಸೇರಿ ಬೆರಳ ತುದಿಯನ್ನು ಸವೆಸಿಬಿಟ್ಟಿದ್ದವು. ತಿಂಗಳೊಳಗೆ ಮತ್ತೆ ಕಳಿಸಿದ ರಸೀದಿ ತೋರಿಸದಿದ್ದರೆ ಅರ್ಜಿ ವಜಾ ಎಂದು ವೀಸಾ ಕಚೇರಿ ಖಡಾಖಂಡಿತವಾಗಿ ಹೇಳಿತು.

ಈ ಸಲ ಠಾಣೆಯಲ್ಲಿ ಅಚ್ಚು ತೆಗೆಯುವವಳು ಹೆಣ್ಣುಮಗಳು, ತಂಗಿಗಿಂತ ಚಿಕ್ಕವಳು. ಹಳೆಯ ಹಾಳೆ ನೋಡಿ, “ಮಸಿ ಜಾಸ್ತಿಯಾಗಿದೆ, ಒತ್ತಿದ್ದೂ ಜಾಸ್ತಿ. ಇರೋ ಗೆರೇನೂ ಮುಚ್ಕೊಂಡಿದೆ” ಎಂದಳು. ಬಿಸಿನೀರಲ್ಲಿ ಕೈ ತೊಳೆಸಿದಳು, ಒರೆಸಿದಳು, ಗಾಜಿನ ಮೇಲೆ ಮಸಿಯನ್ನು ತೆಳ್ಳಗೆ ಹರಡಿದಳು. ಹೆಬ್ಬೆರಳು ಹಿಡಿದು ಉಗುರಿನ ಈ ಅಂಚಿನಿಂದ ಆ ಅಂಚಿಗೆ ಉರುಳಿಸಿದಳು. ಅಚ್ಚು ಕದಡಿತು.

“ಅಮ್ಮಾ, ನೀವು ಒತ್ತಬೇಡಿ. ಕೈ ಸಡಿಲ ಬಿಡಿ. ಉರುಳಿಸೋದು ನಾನು.”

ಇಸ್ತ್ರಿ ಅಕ್ಕ ಬಿಟ್ಟೆನೆಂದುಕೊಂಡಳು. ಕೈ ಕೇಳಬೇಕಲ್ಲ. ಜೀವಮಾನವಿಡೀ ತನ್ನ ಕೆಲಸ ತಾನೇ ಮಾಡಿಕೊಂಡ ಕೈ, ಬೇರೆಯವರ ಕೈಗೆ ಸಿಕ್ಕಿದ ಕೂಡಲೇ ಮರದ ಕೊರಡಾಯಿತು. ಇನ್ನೊಂದು ಹಾಳೆಯೂ ಹಾಳಾಯಿತು. ಅವಳಿಗೆ ಅಳು ಒತ್ತರಿಸಿ ಬಂತು. ಈ ದರಿದ್ರ ಬೆರಳುಗಳ ದೆಸೆಯಿಂದ ತಂಗಿಯ ಮನೆ ತಪ್ಪಿಹೋಗುತ್ತದಲ್ಲ ಎಂದು ತನ್ನ ಮೇಲೆ ತನಗೇ ಸಿಟ್ಟು ಬಂತು.

“ಹಾಳೆ ನೋಡ್ಬೇಡಿ, ಆ ಕಡೆ ನೋಡಿ,” ಎಂದಳು ಪೊಲೀಸಮ್ಮ. “ಎಲ್ಲಿಗೆ ಹೊರಟಿದೀರಿ?”

“ತಂಗಿ ಮನೆಗೆ.”

“ಹೇಗೆ ನಿಮ್ಮ ತಂಗಿ? ಜೋರಾ?”

“ಬಾಯಿ ಜೋರು. ಚಿಕ್ಕವಳಿದ್ದಾಗ ಮಲಗಿದ್ರೆ ನನ್ನ ಹೊದಿಕೆನೆಲ್ಲ ಎಳ್ಕೊಂಬಿಡೋಳು. ಚಳೀಲಿ ನಡುಗ್ತಾ ಬಿದ್ದಿರ್ತಿದ್ದೆ. ಬೈದ್ರೆ, ನೀನೇ ಹತ್ರ ಬಾ ಅನ್ನೋಳು.”

ಪೊಲೀಸಮ್ಮ ನಕ್ಕಳು. ಇಸ್ತ್ರಿ ಅಕ್ಕ ಗೋಡೆ ನೋಡುತ್ತ ಹೇಳುತ್ತಲೇ ಹೋದಳು. ಇಷ್ಟು ಹೊತ್ತು ತನ್ನ ಮಾತನ್ನು ಯಾರಾದರೂ ಕೇಳಿ ಯಾವ ಕಾಲವಾಗಿತ್ತೋ. ಒಂದು ಕೈ ಮುಗಿದು ಇನ್ನೊಂದಕ್ಕೆ ಬಂದದ್ದೂ, ಕೊನೆಗೆ ನಾಲ್ಕು ಬೆರಳನ್ನು ಒಟ್ಟಿಗೆ ಹಾಳೆಯ ಮೇಲೆ ಊರಿಸಿದ್ದೂ ಅವಳಿಗೆ ಸರಿಯಾಗಿ ಗಮನಕ್ಕೆ ಬರಲಿಲ್ಲ.

ಪೊಲೀಸಮ್ಮ ಒಂದು ಕೈಯಲ್ಲಿ ಭೂತಗನ್ನಡಿ ಹಿಡಿದು ಹಾಳೆಯ ಮೇಲೆ ಬಗ್ಗಿದಳು. ಒಂದೊಂದೇ ಚೌಕವನ್ನು ನಿಧಾನವಾಗಿ ನೋಡಿದಳು.

“ಗೆರೆ ಎಣಿಸೋ ಹಾಗೆ ಬಂದಿದೆ. ಬೆರಳು ಸವೆದಿದೆ ಅಂತ ಕೆಳಗೆ ಒಂದು ಸಾಲೂ ಬರೀತೀನಿ. ಸಾಹೇಬ್ರ ಸಹಿ ಹಾಕಿಸ್ಕೊಡ್ತೀನಿ, ಇವತ್ತೇ ಅಂಚೆಗೆ ಹಾಕಿ.”

“ಹೋಗ್ಬಹುದಾ ಹಾಗಾದ್ರೆ? ತಂಗಿ ಹತ್ರ?”

“ಇದರ ಕಡೆಯಿಂದ ಅಡ್ಡಿ ಬರಲ್ಲಮ್ಮ.”

ಹೊರಗೆ ಸಾಲಿನಲ್ಲಿದ್ದವನೊಬ್ಬ ಕೆಮ್ಮಿದ.

“ಆಯ್ತಮ್ಮ, ಇನ್ನು ಬಿಡಿ,” ಎಂದಳು ಪೊಲೀಸಮ್ಮ ಮೆಲ್ಲಗೆ.

ಇಸ್ತ್ರಿ ಅಕ್ಕ ಆಗ ಕೆಳಗೆ ನೋಡಿದಳು. ಪೊಲೀಸಮ್ಮನ ಬೆರಳುಗಳು ಎಂದೋ ಸಡಿಲಾಗಿದ್ದವು. ಹಿಡಿದುಕೊಂಡಿದ್ದವಳು ತಾನು. ನಾಚಿಕೆಯಾಯಿತು, ಆದರೂ ಕೈ ತೆಗೆಯಲು ಮನಸ್ಸು ಬರಲಿಲ್ಲ.

ಪೊಲೀಸಮ್ಮ ಎಳೆದುಕೊಳ್ಳಲಿಲ್ಲ. ಬಾಗಿಲ ಕಡೆ ತಿರುಗಿ, “ಸ್ವಲ್ಪ ತಡೀರಿ, ಇನ್ನೂ ಮುಗಿದಿಲ್ಲ” ಎಂದಳು.