ಬಾಲಯೇಸುವನ್ನು ಮಲಗಿಸುವ ಸರದಿ

ನಾನು ಚಿಕ್ಕವನಿದ್ದಾಗ ನನಗೊಂದು ಅನ್ಯಾಯವಾಯಿತು. ಅರವತ್ತು ವರ್ಷ ಕಳೆದರೂ ಆ ಸಿಟ್ಟು ಇಳಿದಿಲ್ಲ. ಅಕ್ಕನಿಗೆ ಅದು ಈಗಲೂ ನಗೆಯ ಮಾತು. ಮೊಮ್ಮಕ್ಕಳೇ, ನೀವೇ ಕೇಳಿ ನ್ಯಾಯ ಹೇಳಿ.

ನಮ್ಮ ಮನೆ ಏಕಸಂಬಿಯ ಹತ್ತಿರ, ಕಬ್ಬಿನ ಹೊಲದ ಅಂಚಿನಲ್ಲಿತ್ತು. ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ವಾರ ನಮಗೆ ಆಗಮನ ಕಾಲ, ಅಂದರೆ ಕಾಯುವ ಕಾಲ. ಅವ್ವ ಹಿತ್ತಾಳೆ ತಟ್ಟೆಯಲ್ಲಿ ಬೇವಿನ ಸೊಪ್ಪನ್ನು ದುಂಡಗೆ ಸುತ್ತಿ ನಾಲ್ಕು ಮೇಣದಬತ್ತಿ ನಿಲ್ಲಿಸುತ್ತಿದ್ದಳು. ಬಣ್ಣದ ಬತ್ತಿ ನಮ್ಮೂರಲ್ಲಿ ಸಿಗುತ್ತಿರಲಿಲ್ಲ. ಬಿಳಿ ಬತ್ತಿಗಳಲ್ಲೇ ಮೂರರ ಬುಡಕ್ಕೆ ನೇರಳೆ, ಒಂದರ ಬುಡಕ್ಕೆ ಗುಲಾಬಿ ಕಾಗದ ಸುತ್ತುತ್ತಿದ್ದಳು. ರವಿವಾರಕ್ಕೊಂದು ಬತ್ತಿ ಹೆಚ್ಚುತ್ತಿತ್ತು. ಗುಲಾಬಿಯದು ಮೂರನೆಯ ರವಿವಾರದ್ದು, ಹಬ್ಬ ಹತ್ತಿರ ಬಂತೆಂಬ ಸಂತೋಷಕ್ಕೆ.

ಅಪ್ಪ ಪಡಸಾಲೆಯ ಮೂಲೆಯಲ್ಲಿ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆ, ಕಟ್ಟುತ್ತಿದ್ದ. ಮಾಡಿಗೆ ಕಬ್ಬಿನ ರವದಿ, ಅಂದರೆ ಒಣಗಿದ ಗರಿ; ಮುಂದೆ ಡಬ್ಬಿಯಲ್ಲಿ ಮೊಳೆಸಿದ ಜೋಳದ ಹಸಿರು ಸಸಿ. ಮರಿಯಮ್ಮ, ಜೋಸೆಫ್, ಎತ್ತು, ಕತ್ತೆ ಎಲ್ಲರೂ ಬಂದು ನಿಲ್ಲುತ್ತಿದ್ದರು. ಮೂವರು ಜ್ಞಾನಿಗಳು ಮಾತ್ರ ದೂರದ ಕಿಟಕಿಯ ಮೇಲೆ. ಅವರು ಕೂಸನ್ನು ನೋಡಲು ದೂರದೇಶದಿಂದ ಬಂದು ಮುಟ್ಟುವುದು ಜನವರಿ ಆರಕ್ಕೆ. ನಡುವಿನ ಮೇವಿನ ತೊಟ್ಟಿ ಖಾಲಿ. ಹುಟ್ಟುವ ಮೊದಲೇ ಕೂಸನ್ನು ಮಲಗಿಸುವ ಹಾಗಿಲ್ಲವಲ್ಲ! ಅಂಗೈಯಷ್ಟಗಲದ ಬಾಲಯೇಸು ಅವ್ವನ ಟ್ರಂಕಿನಲ್ಲಿ, ಸೀರೆಯ ತುಂಡಿನೊಳಗೆ ಇರುತ್ತಿದ್ದ.

ದಿನಕ್ಕೊಂದು ಒಳ್ಳೆಯ ಕೆಲಸ ಮಾಡಿದ ಮಗು ತೊಟ್ಟಿಗೆ ಒಂದು ಹುಲ್ಲುಕಡ್ಡಿ ಹಾಕಬೇಕು. ಅದೇ ಕೂಸಿನ ಹಾಸಿಗೆ. ನಾನು ಆ ವರ್ಷ ಕೇಳಿದ ತಕ್ಷಣ ನೀರು ತಂದೆ, ಅಕ್ಕ ಹೊಡೆದರೂ ತಿರುಗಿ ಹೊಡೆಯಲಿಲ್ಲ. ಏಕೆಂದರೆ ಆ ಸಲ ಕೂಸನ್ನು ನಾನೇ ಮಲಗಿಸುವವನಿದ್ದೆ, ಹಾಸಿಗೆ ಮೆತ್ತಗಿರಬೇಕು. ನಮ್ಮ ಮನೆಯ ಕಾಯಿದೆ ಹೀಗಿತ್ತು: ಎಂಟು ವರ್ಷದ ಹೊತ್ತಿಗೆ ಚರ್ಚಿನಲ್ಲಿ ಕೊಡುವ ಮೊದಲ ಪರಮಪ್ರಸಾದದ ರೊಟ್ಟಿಯನ್ನು ಇನ್ನೂ ತೆಗೆದುಕೊಳ್ಳದ ಮಗು ನಡುರಾತ್ರಿಯ ಪೂಜೆ ಮುಗಿಯುವವರೆಗೆ ಎಚ್ಚರವಿದ್ದರೆ, ಮನೆಗೆ ಬಂದು ಬಾಲಯೇಸುವನ್ನು ಮಲಗಿಸುವ ಸರದಿ ಅದಕ್ಕೇ. ನಾನು ಹಿಂದಿನ ವರ್ಷ ಪೂಜೆಯಲ್ಲೇ ನಿದ್ದೆ ಹೋಗಿದ್ದೆ. ಮುಂದಿನ ಬೇಸಿಗೆಗೆ ನನ್ನ ಮೊದಲ ಪರಮಪ್ರಸಾದ. ಇದೇ ನನಗೆ ಕೊನೆಯ ಅವಕಾಶ.

ಕ್ರಿಸ್‌ಮಸ್ಸಿನ ಹಿಂದಿನ ದಿನ ಮಧ್ಯಾಹ್ನ ಅವ್ವ ನನ್ನನ್ನು ಬಲವಂತವಾಗಿ ಮಲಗಿಸಿದಳು. ಸಂಜೆ ಬಿಸಿನೀರಿನ ಸ್ನಾನ, ಬೇಗನೆ ಊಟ, ಅಂಗಿಯ ಮೇಲೆ ಅಂಗಿ, ತಲೆಗೆ ಮಫ್ಲರ್. ಚಕ್ಕಡಿಯಲ್ಲಿ ಕೌದಿ ಹೊದ್ದು ಎರಡು ತಾಸು ಹೋದೆವು. ಚರ್ಚಿನೊಳಗೆ ಮಬ್ಬುಗತ್ತಲು. ನಾಲ್ಕು ವಾರ ಹಾಡದೆ ಬಿಟ್ಟಿದ್ದ ಮಹಿಮಾಗೀತೆಯನ್ನು ಗುರುಗಳು ಎತ್ತಿದ್ದೇ ತಡ, ದೀಪಗಳೆಲ್ಲ ಹೊತ್ತಿಕೊಂಡು ಗಂಟೆಗಳು ಮೊಳಗಿದವು. ಕಾಯುವ ಕಾಲದ ನೇರಳೆ ಬಟ್ಟೆ ಹೋಗಿ ಗುರುಗಳ ಮೈಮೇಲೆ ಬಿಳಿ ಬಂದಿತ್ತು. ಅವರ ಪ್ರಸಂಗ ಉದ್ದವಾಯಿತು. ಪಕ್ಕದ ಮಕ್ಕಳು ಒಬ್ಬೊಬ್ಬರಾಗಿ ತಾಯಂದಿರ ತೊಡೆಗೆ ಬಿದ್ದರು. ನಾನು ತೊಡೆ ಚಿವುಟಿಕೊಳ್ಳುತ್ತ ಕುಳಿತೆ. ಪೂಜೆ ಮುಗಿದ ಮೇಲೆ ಸಾಲಿನಲ್ಲಿ ನಿಂತು, ಕಣ್ಣು ನೆಟ್ಟಗೆ ಬಿಟ್ಟುಕೊಂಡು, ಚರ್ಚಿನ ಬಾಲಯೇಸುವಿನ ಪಾದಕ್ಕೆ ಮುತ್ತು ಕೊಟ್ಟೆ. ಗೆದ್ದೆ ಅಂದುಕೊಂಡೆ.

ಚಕ್ಕಡಿಯಲ್ಲಿ ಒಂದು ಗಳಿಗೆ ಕಣ್ಣು ಮುಚ್ಚಿದೆ, ಅಷ್ಟೇ.

ಕಣ್ಣು ಬಿಟ್ಟಾಗ ಬೆಳಗಾಗಿತ್ತು. ಕರ್ಚಿಕಾಯಿಯ ವಾಸನೆ ಬರುತ್ತಿತ್ತು. ಪಡಸಾಲೆಗೆ ಓಡಿದರೆ, ನಾನು ಕೂಡಿಸಿದ ಹುಲ್ಲಿನ ಮೇಲೆ ಬಾಲಯೇಸು ಆರಾಮವಾಗಿ ಮಲಗಿದ್ದ. ಮಲಗಿಸಿದವಳು ಅಕ್ಕ. ಎರಡು ವರ್ಷದ ಹಿಂದೆಯೇ ಪರಮಪ್ರಸಾದ ತೆಗೆದುಕೊಂಡವಳು!

“ನಿದ್ದಿ ಹೊಡದಾವರಿಗೆ ಸರದಿ ಇಲ್ಲಲೇ,” ಅಂದಳು.

ಕಾಯಿದೆ ಪೂಜೆ ಮುಗಿಯುವತನಕ ಮಾತ್ರ, ದಾರಿಯ ಮಾತು ಅದರಲ್ಲಿಲ್ಲ ಎಂದು ನಾನು ಊರಿಗೆ ಕೇಳುವಂತೆ ಕೂಗಿದೆ. ಕೂಸನ್ನು ತಿರುಗಿ ಟ್ರಂಕಿಗೆ ಹಾಕಿರಿ, ನಾನು ಮೊದಲಿಂದ ಮಲಗಿಸುತ್ತೇನೆ ಅಂದೆ. ಅಪ್ಪ ನನ್ನನ್ನು ಹತ್ತಿರ ಎಳೆದುಕೊಂಡ.

“ಹುಟ್ಟಿದ ಕೂಸಿನ್ನ ಮತ್ತ ಹುಟ್ಟಸಾಕ ಬರತೈತೇನೋ ತಮ್ಮಾ? ನೀ ನನ್ನ ಹೆಗಲ ಮ್ಯಾಲ ಅಷ್ಟ ಛಲೋ ಮಲಗಿದ್ದಿ. ಎಬ್ಬಸಾಕ ಮನಸ ಆಗ್ಲಿಲ್ಲ.”

ಮನಸ್ಸಾಗಲಿಲ್ಲವಂತೆ! ಪ್ರೀತಿಯಿಂದ ಮಾಡಿದರೂ ಅನ್ಯಾಯ ಅನ್ಯಾಯವೇ. ಆ ದಿನ ಕರ್ಚಿಕಾಯಿ ಮುಟ್ಟಬಾರದೆಂದು ಪಣ ತೊಟ್ಟೆ. ಮಧ್ಯಾಹ್ನಕ್ಕೆ ಐದು ತಿಂದೆ, ಆದರೆ ಸಿಟ್ಟಿನಿಂದಲೇ ತಿಂದೆ.

ಈಗ ನಿಮ್ಮ ಕಾಲ ನೋಡುತ್ತೇನೆ. ನಡುರಾತ್ರಿಯ ಪೂಜೆ ರಾತ್ರಿ ಎಂಟಕ್ಕೇ ಶುರು. ಹೋಗಿ ಬರುವುದು ಕಾರಿನಲ್ಲಿ, ಹತ್ತೂವರೆಗೆ ಮನೆ. ಇರಲಿ, ಗುರುಗಳೂ ಪೂಜೆಗೆ ಮೂರು ಊರು ತಿರುಗಬೇಕು. ಆದರೆ ನಿಮ್ಮಪ್ಪ ಪೇಟೆಯಿಂದ ತಂದಿರುವ ಆ ಗೋದಲಿ! ನವೆಂಬರಿನಲ್ಲೇ ಬಂದು ಕುಳಿತಿದೆ, ಮಿಣಮಿಣ ಬಲ್ಬು ಹಾಕಿಕೊಂಡು. ಬಾಲಯೇಸುವನ್ನು ಮೊದಲೇ ತೊಟ್ಟಿಗೆ ಗೋಂದಿನಿಂದ ಅಂಟಿಸಿಬಿಟ್ಟಿದ್ದರು. ಕಾಯುವುದೇನು ಉಳಿಯಿತು? ಜ್ಞಾನಿಗಳೂ ಆಗಲೇ ಬಂದು ಕೈಮುಗಿದು ನಿಂತಿದ್ದಾರೆ.

ಗೋದಲಿಯಲ್ಲಿ ಬಾಲಯೇಸು ಕಾಣುತ್ತಿಲ್ಲವೆಂದು ನಿನ್ನೆಯಿಂದ ಹುಡುಕುತ್ತಿದ್ದೀರಲ್ಲ, ಕಳವಾಗಿಲ್ಲ. ನಾನೇ ಚಾಕುವಿನಿಂದ ಎಬ್ಬಿಸಿ ತೆಗೆದು ನನ್ನ ಟ್ರಂಕಿನಲ್ಲಿಟ್ಟಿದ್ದೇನೆ. ನಿಮ್ಮಪ್ಪ ಬೈದರೆ ಬೈಯಲಿ. ನೀವು ಹುಲ್ಲುಕಡ್ಡಿ ಕೂಡಿಸಿ. ಪೂಜೆ ಮುಗಿಯುವತನಕ ಎಚ್ಚರವಿದ್ದ ಚಿಕ್ಕ ಮಗುವಿಗೆ ಆ ಸರದಿ. ದಾರಿಯಲ್ಲಿ ಎಷ್ಟೇ ಛಲೋ ಮಲಗಿರಲಿ, ನಾನು ಎಬ್ಬಿಸುತ್ತೇನೆ.