ಕತ್ತರಿ ಅಕ್ಕ ಹೊಲಿದ ಬಿಪಿ ಪಟ್ಟಿ

"ಅಮ್ಮ, ಕತ್ತರಿ ಅತ್ತೆ ಕೈಗೆ ಯಾರು ಗಾಳಿ ಊದಿದ್ದು?"

ಹೊಸ ಅಂಗಿಯ ಅಳತೆ ಕೊಟ್ಟು ಮೆಟ್ಟಿಲು ಹತ್ತುತ್ತಿದ್ದಾಗ ಮಗಳು ಕೇಳಿದ ಪ್ರಶ್ನೆ ಇದು. ಅವಳಿಗಿನ್ನೂ ನಾಲ್ಕು ವರ್ಷ. ಟೇಪು ಹಿಡಿದ ಆ ಬೆರಳುಗಳನ್ನು ಅವಳು ಮೂಗಿನ ತುದಿಯಲ್ಲೇ ನೋಡಿದ್ದಳು. ದೊಡ್ಡವರಾದ ನಾವು ಬಸುರಿಯ ಹೊಟ್ಟೆ ನೋಡುತ್ತೇವೆ, ಕೈ ನೋಡುವುದಿಲ್ಲ. ನಾನು ಅಲ್ಲಿಂದಲೇ ವಾಪಸ್ಸು ಇಳಿದೆ.

ಕತ್ತರಿ ಅಕ್ಕನ ಅಂಗಡಿ ನಮ್ಮ ಮನೆಯ ಕೆಳಗೇ ಇದೆ. ಅಂಗಡಿ ಎಂದರೆ ಕಾಲಲ್ಲಿ ತುಳಿಯುವ ಒಂದು ಹೊಲಿಗೆ ಯಂತ್ರ, ಒಂದು ಬಲ್ಬು, ಗೋಡೆಯ ತುಂಬಾ ದಾರದ ಉರುಳೆಗಳು. ಅವಳಿಗೆ ಆ ಹೆಸರು ಬಂದದ್ದು ಕೈಯಲ್ಲಿರುವ ಕತ್ತರಿಯಿಂದಲ್ಲ, ಬಾಯಲ್ಲಿರುವುದರಿಂದ. "ಅಂಗಿ ಬಿಗಿ ಆಯ್ತಲ್ಲಮ್ಮ" ಎಂದು ಯಾರಾದರೂ ಬಂದರೆ, "ಅಂಗಿ ಬಿಗಿ ಆಗಿಲ್ಲ, ನೀವು ಸಡಿಲ ಆಗಿದೀರಿ" ಎನ್ನುತ್ತಾಳೆ. ಹಾಗಂದ ಮೇಲೆ ಹೊಲಿಗೆ ಬಿಚ್ಚಿ ಬಟ್ಟೆ ಬಿಟ್ಟೂ ಕೊಡುತ್ತಾಳೆ, ಅದಕ್ಕೆ ದುಡ್ಡು ಕೇಳುವುದಿಲ್ಲ. ಮದುವೆಯಾಗಿ ಎಷ್ಟೋ ವರ್ಷ ಮಕ್ಕಳಿಲ್ಲದೆ, ಬೀದಿಯ ಮಕ್ಕಳಿಗೆಲ್ಲ ಅಂಗಿ ಹೊಲಿದು, ನಲವತ್ತು ಹತ್ತಿರವಾದಾಗ ಬಸುರಿಯಾದವಳು. ಆಗ ಎಂಟನೇ ತಿಂಗಳು ನಡೆಯುತ್ತಿತ್ತು.

"ಅಕ್ಕ, ಕೈ ಯಾಕೆ ಹೀಗಾಗಿದೆ?"

"ಯಾವಾಗ್ಲೂ ಕತ್ತರಿ ಹಿಡ್ಕೊಂಡಿದ್ರೆ ಇನ್ನೇನಾಗುತ್ತೆ? ಕಾಲು ನೋಡು ಬೇಕಾದ್ರೆ. ತುಳಿದೂ ತುಳಿದೂ ಕಂಬ ಆಗಿದೆ."

ಪಾದದ ಮೇಲೆ ಬೆರಳಿಟ್ಟು ಒತ್ತಿದೆ. ತೆಗೆದ ಮೇಲೂ ಕುಳಿ ಹಾಗೇ ಉಳಿಯಿತು. ಮುಖ ನೋಡಿದೆ. ರೆಪ್ಪೆಗಳು ನಿದ್ದೆಯಿಂದ ಎದ್ದವರ ಹಾಗೆ ಊದಿಕೊಂಡಿದ್ದವು.

"ತಲೆನೋವು?"

"ಅದು ಕಣ್ಣಿಂದು. ಸೂಜಿಗೆ ದಾರ ಹಾಕಕ್ಕೇ ಆಗ್ತಿಲ್ಲ. ಕನ್ನಡಕದವನ ಹತ್ರ ಹೋಗಿ ನಂಬರು ಏರಿಸ್ಕೊಂಡು ಬಂದೆ. ಆದ್ರೂ ಎರಡು ದಿನದಿಂದ ಹಣೆ ಸಿಡೀತಾ ಇದೆ. ಆ ಕನ್ನಡಕದವನಿಗೊಂದು ಮಂಗಳಾರತಿ ಬಾಕಿ ಇದೆ."

ಕಾಯಿಲೆ ಅವಳ ಕಸುಬಿನ ಹಿಂದೆಯೇ ಅಡಗಿ ಕುಳಿತಿತ್ತು. ಕಾಲು ಬಾತರೆ ಯಂತ್ರದ ತಪ್ಪು, ತಲೆ ಸಿಡಿದರೆ ಸೂಜಿಯ ತಪ್ಪು, ಕಣ್ಣು ಮಂಜಾದರೆ ಬಲ್ಬಿನ ತಪ್ಪು. ಅವಳ ಅತ್ತೆಯಂತೂ ಕೈಕಾಲು ತುಂಬಿಕೊಂಡು ಸೊಸೆ ಲಕ್ಷಣವಾಗಿ ಕಾಣುತ್ತಾಳೆ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದರು.

"ಆಸ್ಪತ್ರೆಲಿ ಬಿಪಿ ನೋಡಿದಾಗ ಏನಂದ್ರು?"

"ಎಲ್ಲಿ ನೋಡಿದ್ರು? ಪಟ್ಟಿ ನಿಲ್ಲಲ್ಲ ಅಂದ್ರು."

"ಏನು ನಿಲ್ಲಲ್ಲ?"

"ತೋಳಿಗೆ ಸುತ್ತೋ ಪಟ್ಟಿ ಕಣೇ. ಹೋದ ಸಲವೂ ನಿಲ್ಲಲಿಲ್ಲ, ಅದರ ಹಿಂದಿನ ಸಲವೂ ನಿಲ್ಲಲಿಲ್ಲ. ತೂಕ ನೋಡಿದ್ರು, ಮಾತ್ರೆ ಕೊಟ್ರು, ಹೋಗು ಅಂದ್ರು."

ನಾನು ಅಂಗಡಿಯ ಬಾಗಿಲು ಎಳೆದು ಬೀಗ ಹಾಕಿ, ಒಂದು ಕೈಯಲ್ಲಿ ಮಗಳನ್ನೂ ಇನ್ನೊಂದರಲ್ಲಿ ಅವಳನ್ನೂ ಹಿಡಿದು ಹೊರಟೆ. "ಸಂಜೆಗೆ ಕೊಡೋ ಬಟ್ಟೆ ಇದೆ" ಎಂದು ದಾರಿಯುದ್ದಕ್ಕೂ ಗೊಣಗಿದಳು. ಆಸ್ಪತ್ರೆ ದೂರವೇನಲ್ಲ, ಬೀದಿಯ ತಿರುವಿನಲ್ಲಿದೆ. ಅಷ್ಟು ದೂರಕ್ಕೇ ಅವಳು ಎರಡು ಸಲ ನಿಂತಳು. ನಿಂತಾಗ ಬಲಗೈ ಪಕ್ಕೆಲುಬಿನ ಕೆಳಗೆ ಹೋಯಿತು. "ಯಂತ್ರದ ಅಂಚು ಒತ್ತಿ ಒತ್ತಿ ನೋವು" ಎಂದಳು. ಅದಕ್ಕೂ ಒಂದು ಕಾರಣ ಸಿದ್ಧವಿತ್ತು.

ಬೆಂಚಿನ ಮೇಲೆ ಏಳೆಂಟು ಬಸುರಿಯರು ಕುಳಿತಿದ್ದರು. ಡಾಕ್ಟರು ಆ ದಿನ ಬರುವವರಲ್ಲ. ನರ್ಸಮ್ಮ ಒಬ್ಬರೇ. ನಾನು ಸರದಿ ಮುರಿದು ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿದೆ. ನರ್ಸಮ್ಮ ನನ್ನ ಮುಖ ನೋಡಿ, ಅಕ್ಕನ ತೋಳಿಗೆ ಪಟ್ಟಿ ಸುತ್ತಿ, ರಬ್ಬರ್ ಚೆಂಡು ಒತ್ತತೊಡಗಿದರು. ಗಾಳಿ ತುಂಬುತ್ತಿದ್ದ ಹಾಗೆ ಪಟ್ಟಿ ಪರ್ ಎಂದು ಬಿಚ್ಚಿಕೊಂಡಿತು. ಇನ್ನೊಮ್ಮೆ ಸುತ್ತಿದರು. ಇನ್ನೊಮ್ಮೆ ಪರ್.

"ನಾನು ಕೈಯಲ್ಲಿ ಅದುಮಿ ಹಿಡ್ಕೊಳ್ಳಾ?" ಎಂದೆ.

"ಹಿಡ್ಕೊಂಡ್ರೆ ಅಂಕಿ ಸುಳ್ಳು ಬರುತ್ತಮ್ಮ. ಇದರ ಕಚ್ಚಿ ಹಿಡಿಯೋ ವೆಲ್ಕ್ರೋ ಸತ್ತು ಹೋಗಿದೆ. ಹೊಸದು ಬೇಕು ಅಂತ ಮೇಲಿನವರಿಗೆ ಹೇಳಿದ್ದೂ ಹೇಳಿದ್ದೇ. ಬರುತ್ತೆ ಅಂತಾರೆ. ಒಳಗೆ ಹೆರಿಗೆ ಕೋಣೇಲಿ ಇನ್ನೊಂದಿತ್ತು, ಅದರ ರಬ್ಬರೇ ಬಿರುಕು ಬಿಟ್ಟಿದೆ."

"ಅಷ್ಟು ದಿನದಿಂದ ಇಲ್ಲಿ ಬಂದೋರಿಗೆಲ್ಲ?"

ನರ್ಸಮ್ಮ ಪಟ್ಟಿಯನ್ನು ಮೇಜಿನ ಮೇಲಿಟ್ಟರು. ಬೆಂಚಿನ ಮೇಲಿದ್ದವರು ತಮ್ಮ ತಮ್ಮ ಹೊಟ್ಟೆ ನೋಡಿಕೊಂಡರು.

ಕತ್ತರಿ ಅಕ್ಕ ಮಾತ್ರ ಪಟ್ಟಿಯನ್ನು ಕೈಗೆತ್ತಿಕೊಂಡು, ಮಗುಚಿ, ಅಂಚು ಸವರಿ ನೋಡುತ್ತಿದ್ದಳು. ಅವಳ ದನಿ ತಣ್ಣಗಿತ್ತು. ತಣ್ಣಗಿದ್ದಾಗಲೇ ಅವಳಿಗೆ ಹೆದರಬೇಕು.

"ಸಿಸ್ಟರ್, ಇದಕ್ಕೆ ಮೇಲಿನವರು ಬೇಕಾ? ಇದೇ ಬೀದಿಯವರು ಸಾಲದಾ? ಎರಡು ತುಂಡು ವೆಲ್ಕ್ರೋ. ಇದನ್ನ ಕೊಡಿ ಇಲ್ಲಿ."

"ಆಸ್ಪತ್ರೆ ಸಾಮಾನು ಹೊರಗೆ ಕೊಡಂಗಿಲ್ಲ."

"ಈ ಹೊಟ್ಟೆ ಹೊತ್ಕೊಂಡು ನಾನೇನು ಕದ್ದು ಓಡ್ತೀನಾ? ಓಡಿದ್ರೆ ಹಿಡ್ಕೊಳ್ಳಿ, ಮೂರು ಹೆಜ್ಜೆಗೇ ಸಿಗ್ತೀನಿ."

ಬೆಂಚು ನಕ್ಕಿತು. ನರ್ಸಮ್ಮನೂ ನಕ್ಕು, ಮರುಕ್ಷಣ ನಗು ನುಂಗಿ, ಪಟ್ಟಿಯನ್ನು ಕೊಳವೆಯಿಂದ ಕಳಚಿ ಕೊಟ್ಟರು. "ಬೇಗ ಬನ್ನಿ. ಈ ಮುಖ ನೋಡಿದ್ರೆ ನನಗೆ ಸರಿ ಕಾಣ್ತಿಲ್ಲ" ಎಂದು ನನಗೆ ಮಾತ್ರ ಕೇಳುವಂತೆ ಹೇಳಿದರು.

ಅಂಗಡಿಗೆ ಬಂದು ಅಕ್ಕ ಮೊದಲು ಮಾಡಿದ ಕೆಲಸವೆಂದರೆ ಪಟ್ಟಿಯ ಒಳಗಿನ ರಬ್ಬರ್ ಚೀಲವನ್ನು ಹೊರಗೆಳೆದು ಪಕ್ಕಕ್ಕಿಟ್ಟದ್ದು. ಅದಕ್ಕೆ ಸೂಜಿ ತಾಗಿದರೆ ಎಲ್ಲ ಮುಗಿಯಿತು. ಸವೆದ ವೆಲ್ಕ್ರೋವನ್ನು ಬಿಚ್ಚಿ ತೆಗೆದಳು. ಡಬ್ಬಿಯಿಂದ ಹೊಸದನ್ನು ಅಳೆದು ಕತ್ತರಿಸಿದಳು. ಆಮೇಲೆ ಸೂಜಿಗೆ ದಾರ ಹಾಕಲು ಹೋಗಿ ನಿಂತುಬಿಟ್ಟಳು.

"ಸೂಜಿ ಸುತ್ತ ಮಿಣಮಿಣ ಅಂತಿದೆ ಕಣೇ. ಚಮಕಿ ಉದುರಿಸಿದ ಹಾಗೆ. ನೀನೇ ಹಾಕು."

ದಾರ ಹಾಕಿದೆ. ಅವಳು ತುಳಿದಳು. ಊದಿದ ಆ ಕಾಲಲ್ಲಿ, ಸಿಡಿಯುವ ಆ ತಲೆಯಲ್ಲಿ, ತನ್ನ ತೋಳಿಗೆ ತಾನೇ ಹೊಲಿಗೆ ಹಾಕಿಕೊಳ್ಳುವವಳ ಹಾಗೆ ಎರಡೆರಡು ಸಾಲು ಓಡಿಸಿ, ರಬ್ಬರ್ ಚೀಲವನ್ನು ಮತ್ತೆ ಒಳಕ್ಕೆ ತೂರಿಸಿದಳು. ಅವಳ ಬೆನ್ನ ಹಿಂದೆ ನಿಂತು ನಾನು ಹಲ್ಲು ಕಡಿಯುತ್ತಿದ್ದೆ.

ವಾಪಸ್ಸು ಹೋದಾಗ ಬೆಂಚಿನ ತುದಿಯಲ್ಲಿದ್ದ ಒಬ್ಬ ಹುಡುಗಿಯನ್ನು ತೋರಿಸಿ, "ಪಾಪ ಬೆಳಿಗ್ಗೆಯಿಂದ ಕೂತಿದೆ, ಮೊದಲು ಇವಳಿಗೆ ನೋಡಿ" ಎಂದಳು ಅಕ್ಕ.

"ಬಾಯಿ ಮುಚ್ಕೊಂಡು ಕೂತ್ಕೋ" ಎಂದೆ. ಕತ್ತರಿ ಅಕ್ಕನಿಗೆ ಹಾಗೆ ಹೇಳಿದವರು ನಮ್ಮ ಬೀದಿಯಲ್ಲಿ ಅಲ್ಲಿಯವರೆಗೆ ಯಾರೂ ಇರಲಿಲ್ಲ. ಕುಳಿತಳು.

ಪಟ್ಟಿ ಕಚ್ಚಿ ನಿಂತಿತು. ನರ್ಸಮ್ಮ ಒತ್ತಿದರು, ಮುಳ್ಳು ಏರಿತು, ಇಳಿಯಿತು. ಸ್ವಲ್ಪ ಹೊತ್ತು ಸುಮ್ಮನೆ ಕೂರಿಸಿ ಮತ್ತೆ ನೋಡಿದರು. ಆಮೇಲೆ ನೂರ ಎಪ್ಪತ್ತು ಬೈ ನೂರ ಹನ್ನೆರಡು ಎಂದರು. ನೂರ ನಲವತ್ತು ಬೈ ತೊಂಬತ್ತು ದಾಟಿದರೇ ಬಸುರಿಯನ್ನು ಹಾಗೆ ಬಿಡಬಾರದಂತೆ. ಮೂತ್ರದಲ್ಲಿ ಅದ್ದಿದ ಕಡ್ಡಿ ಗಾಢ ಹಸಿರಿಗೆ ತಿರುಗಿತು. ಮೂತ್ರದಲ್ಲಿ ಹೋಗಬಾರದ ಪ್ರೋಟೀನು ಹೋಗುತ್ತಿತ್ತು.

ಅಷ್ಟರಲ್ಲಿ ಸುದ್ದಿ ಕೇಳಿ ಅಕ್ಕನ ಗಂಡ, ಅತ್ತೆ ಇಬ್ಬರೂ ಓಡಿಬಂದರು. "ತಲೆನೋವಿಗೆ ಒಂದು ಮಾತ್ರೆ ಕೊಡಿ ಸಿಸ್ಟರ್, ಮನೇಲಿ ಮಲಗಿದ್ರೆ ಸರಿ ಹೋಗುತ್ತೆ" ಎಂದರು ಅತ್ತೆ.

"ಮನೇಲಿ ಮಲಗಿದ್ರೆ ಮತ್ತೆ ಏಳಲ್ಲ ಅಜ್ಜಿ" ಎಂದರು ನರ್ಸಮ್ಮ. "ಇದು ಬರೀ ತಲೆನೋವಲ್ಲ. ಬಸುರಿಗೆ ಬಿಪಿ ಏರಿ, ಮೂತ್ರಪಿಂಡ, ಲಿವರ್, ಮಿದುಳು ಎಲ್ಲಕ್ಕೂ ತಾಗುತ್ತೆ. ಕಣ್ಣಲ್ಲಿ ಮಿಣಮಿಣ, ಪಕ್ಕೆ ಕೆಳಗೆ ನೋವು, ಇವೆಲ್ಲ ಅದರದ್ದೇ. ಇನ್ನು ಫಿಟ್ಸ್ ಬಂದ್ರೆ ತಾಯಿನೂ ಇಲ್ಲ, ಮಗುನೂ ಇಲ್ಲ."

ಡಾಕ್ಟರಿಗೆ ಫೋನು ಮಾಡಿ ಕೇಳಿಕೊಂಡೇ, ಬಿಪಿ ಇಳಿಯಲು ಮಾತ್ರೆ ನುಂಗಿಸಿದರು. ಫಿಟ್ಸ್ ಬಾರದ ಹಾಗೆ ಸೊಂಟದ ಕೆಳಗೆ ಎರಡೂ ಕಡೆ ದಪ್ಪ ಸೂಜಿ ಚುಚ್ಚಿದರು. ಅಷ್ಟು ಉರಿಯುವ ಸೂಜಿಗೂ ಅಕ್ಕ, "ಸಿಸ್ಟರ್, ನನ್ನ ಸೂಜಿ ಇದಕ್ಕಿಂತ ಸಣ್ಣದು" ಎಂದಳೇ ಹೊರತು ಅಳಲಿಲ್ಲ. ಆಂಬುಲೆನ್ಸ್ ಬಂತು. ಅದು ಹೊರಡುವಾಗ ನರ್ಸಮ್ಮ ಬೆಂಚಿನ ತುದಿಯ ಹುಡುಗಿಗೆ ಅದೇ ಪಟ್ಟಿ ಸುತ್ತುತ್ತಿದ್ದರು.

ದೊಡ್ಡಾಸ್ಪತ್ರೆಯಲ್ಲಿ, ಈ ಕಾಯಿಲೆ ಇಳಿಯಬೇಕಾದರೆ ಹೆರಿಗೆಯೇ ಆಗಬೇಕು, ಇನ್ನು ಕಾದರೆ ಇಬ್ಬರಿಗೂ ಅಪಾಯ ಎಂದರು. ಮರುದಿನ ಕೊಯ್ದು ಹೆಣ್ಣು ಮಗುವನ್ನು ತೆಗೆದರು. ಬೆಕ್ಕಿನ ಮರಿಯಷ್ಟಿತ್ತು. ಬೆಚ್ಚಗಿನ ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಉಸಿರಾಡುತ್ತಿತ್ತು, ಈಗಲೂ ಉಸಿರಾಡುತ್ತಿದೆ.

ಇಲ್ಲಿಗೆ ಕಥೆ ಮುಗಿಯಿತು ಎಂದು ಬೀದಿಯವರು ಖುಷಿಯಾಗಿದ್ದಾರೆ. ತಾನೇ ಹೊಲಿದ ಪಟ್ಟಿ ತನ್ನನ್ನೇ ಉಳಿಸಿತು ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಕೇಳಿದರೆ ನನಗೆ ಮೈ ಉರಿಯುತ್ತದೆ. ಅವಳು ದರ್ಜಿಯಾಗಿದ್ದಳು, ಸರಿ. ಪಾತ್ರೆ ತಿಕ್ಕುವವಳಾಗಿದ್ದರೆ? ತರಕಾರಿ ಮಾರುವವಳಾಗಿದ್ದರೆ? ಪರ್ ಎಂದು ಬಿಚ್ಚಿಕೊಂಡ ಪಟ್ಟಿಯನ್ನು ನೋಡಿ, ತಲೆ ಹಿಡಿದುಕೊಂಡು ಮನೆಗೆ ಹೋಗಿ ಮಲಗಿದವರು ಎಷ್ಟು ಮಂದಿಯೋ. ಅಂಗೈಯಗಲದ ವೆಲ್ಕ್ರೋಗಾಗಿ ಆಸ್ಪತ್ರೆಯೊಂದು ತಿಂಗಳುಗಟ್ಟಲೆ ಕಣ್ಣು ಮುಚ್ಚಿಕೊಂಡು ಕೂತಿತ್ತಲ್ಲ, ಅದಕ್ಕೆ ಯಾರಿಗೂ ಕೋಪವೇ ಬರುವುದಿಲ್ಲವೇ?

ನಮ್ಮ ಬೀದಿಯ ಆಸ್ಪತ್ರೆಯ ಡಾಕ್ಟರು ಅಕ್ಕನನ್ನು ನೋಡಲು ದೊಡ್ಡಾಸ್ಪತ್ರೆಯ ವಾರ್ಡಿಗೆ ಬಂದಿದ್ದರು. ನಗುನಗುತ್ತಾ, "ಭಲೇ ಕೆಲಸ ಮಾಡಿದ್ರಿ. ನಮ್ಮಲ್ಲಿ ಪರದೆಗಳೂ ಹರಿದಿವೆ, ಹುಷಾರಾದ ಮೇಲೆ ಅದನ್ನೂ ಸ್ವಲ್ಪ ನೋಡ್ತೀರಾ?" ಎಂದರು.

ಅಕ್ಕ ದಿಂಬಿಗೆ ಒರಗಿಯೇ ಹೇಳಿದಳು: "ಹೊಲೀತೀನಿ ಸಾರ್. ನೀವು ನನ್ನ ಅಂಗಡಿಲಿ ಕೂತು ಗುಂಡಿ ಹಚ್ಚಿ. ಇಬ್ಬರೂ ಇನ್ನೊಬ್ಬರ ಕೆಲಸ ಮಾಡೋಣ."

ಡಾಕ್ಟರಿಗೆ ಬೇರೆಲ್ಲೋ ತುರ್ತು ಕೆಲಸ ನೆನಪಾಯಿತು.

ತಾಯಿ ಮಗು ಇಬ್ಬರನ್ನೂ ಮನೆಗೆ ಕಳಿಸುವ ದಿನ ಅಲ್ಲಿಯ ಡಾಕ್ಟರಮ್ಮ ಗಂಡನನ್ನೂ ಅತ್ತೆಯನ್ನೂ ಕೂರಿಸಿಕೊಂಡು, ಹೆರಿಗೆಯಾದರೂ ಬಿಪಿ ಕೆಲವು ವಾರ ಏರಬಹುದು, ಫಿಟ್ಸ್ ಈಗಲೂ ಬರಬಹುದು, ಮಾತ್ರೆ ನಿಲ್ಲಿಸಬಾರದು, ಮೊದಲ ವಾರವಂತೂ ದಿನಾ ನೋಡಿಸಬೇಕು, ತಲೆ ಸಿಡಿದರೆ ಆ ಕ್ಷಣವೇ ಬರಬೇಕು ಎಂದು ಹೇಳಿದರು. ಇಬ್ಬರೂ ತಲೆಯಾಡಿಸಿದರು. ಹೊರಗೆ ಬಂದದ್ದೇ ಅತ್ತೆ ಮಗನಿಗೆ, "ಮಗು ಹೊರಗೆ ಬಂತಲ್ಲ, ಇನ್ನೆಂಥ ಬಿಪಿ? ಹಸಿ ಬಾಣಂತಿನ ದಿನಾ ಬೀದಿ ಸುತ್ತಿಸಕ್ಕಾಗುತ್ತಾ?" ಎಂದರು. ಮಗ ಅದಕ್ಕೂ ತಲೆಯಾಡಿಸಿದ.

ಅಕ್ಕ ಕೇಳಿಸಿಕೊಂಡಳು. ಅವಳು ಬಾಯಲ್ಲಿನ ಕತ್ತರಿ ತೆಗೆಯುತ್ತಾಳೆಂದು ಕಾದೆ. ತೆಗೆಯಲಿಲ್ಲ. ನನ್ನ ಮಣಿಕಟ್ಟು ಹಿಡಿದು ಬೆಂಚಿನ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡಳು.

"ಒಂದು ಉಪಕಾರ ಮಾಡ್ತೀಯಾ?"

"ಹೇಳಕ್ಕ."

"ಮನೆಗೆ ಹೋದ ಮೇಲೆ ನನಗೇ ಸೋಮಾರಿತನ ಬರುತ್ತೆ. ಮಗುಗೆ ಹಾಲು ಕುಡಿಸ್ಬೇಕು, ಬಟ್ಟೆ ಹೊಲೀಬೇಕು, ತಲೆನೋವು ನಿದ್ದೆಗೆಟ್ಟಿದ್ದಕ್ಕೆ ಅಂತೀನಿ. ಹೆಣ್ಣಿಗೆ ನೆಪ ಹುಡುಕಕ್ಕೆ ಯಾರೂ ಕಲಿಸ್ಬೇಕಾಗಿಲ್ಲ. ನೀನು ದಿನಾ ಬೆಳಿಗ್ಗೆ ಬಂದು ನನ್ನನ್ನ ಆಸ್ಪತ್ರೆಗೆ ಎಳ್ಕೊಂಡು ಹೋಗು. ಅತ್ತೆ ಅಡ್ಡ ನಿಂತ್ರೆ ಅತ್ತೆನ ದಾಟ್ಕೊಂಡು ಬಾ. ನಾನು ಬೈದ್ರೆ ಬೈಸ್ಕೋ. ಆದ್ರೆ ಆ ಪಟ್ಟಿ ನನ್ನ ತೋಳಿಗೆ ಸುತ್ತಿಸದೆ ಬಿಡಬೇಡ."